ಹೀಮೋಸೈಟೋಮೀಟರ್‌ನಲ್ಲಿ ಕೋಶ ಎಣಿಸುವುದು: ಯಾವ ಚೌಕ, ಎಷ್ಟು ಡೈಲ್ಯೂಷನ್, ಯಾವುದು ಬದುಕಿದೆ

ನಮ್ಮಲ್ಲಿ ಹೆಚ್ಚಿನವರು ಹೀಮೋಸೈಟೋಮೀಟರನ್ನು ಮೊದಲು ನೋಡುವುದು ರಕ್ತದ ಪ್ರಾಕ್ಟಿಕಲ್‌ನಲ್ಲಿ. ಬೆರಳು ಚುಚ್ಚಿ, ಕೆಂಪು ಮಣಿ ಇರುವ ಪಿಪೆಟ್‌ನಲ್ಲಿ ರಕ್ತವನ್ನು 0.5ರ ಗೆರೆಯವರೆಗೆ ಎಳೆಯುತ್ತೇವೆ. ಆಮೇಲೆ ದ್ರವವನ್ನು 101ರವರೆಗೆ. ನಡುವಿನ ಐದು ಚೌಕ ಎಣಿಸಿ, ಬಂದದ್ದನ್ನು 10,000ದಿಂದ ಗುಣಿಸಿ, ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡರೆ ಮುಗಿಯಿತು. ಕೆಲವು ವರ್ಷ ಕಳೆದು ಸೆಲ್ ಕಲ್ಚರ್ ಲ್ಯಾಬ್‌ಗೆ ಬಂದರೆ ಅಲ್ಲೂ ಅದೇ ಗಾಜು, ಅದೇ 10,000. ಎರಡೂ ಒಂದೇ ಅಂದುಕೊಳ್ಳುವುದು ಸಹಜ. ಆದರೆ ಒಂದೇ ಅಲ್ಲ.

ರಕ್ತದ ಲೆಕ್ಕದಲ್ಲಿ ಐದು ಚೌಕದ ಮೇಲಿನ ಜಾಗ 0.02 ಘನ ಮಿಲಿಮೀಟರ್. ಅದಕ್ಕೆ 50ರಿಂದ ಗುಣಿಸಬೇಕು. ರಕ್ತ 200 ಪಟ್ಟು ತೆಳುವಾಗಿದೆ. 50 ಗುಣಿಸು 200 ಅಂದರೆ 10,000. ಅಂದರೆ ಡೈಲ್ಯೂಷನ್ ಆಗಲೇ ಅದರೊಳಗೆ ಸೇರಿದೆ, ಉತ್ತರ ಬರುವುದು ಒಂದು ಘನ ಮಿಲಿಮೀಟರ್‌ಗೆ. ಕಲ್ಚರ್‌ನ 10,000 ಬೇರೆ ಕಡೆಯಿಂದ ಬಂದದ್ದು. ಅದು ಬರೀ ಜಾಗದ ಅಳತೆ, ಉತ್ತರ ಬರುವುದು ಒಂದು ಎಂಎಲ್‌ಗೆ. ಡೈಲ್ಯೂಷನ್ ಅದರಲ್ಲಿ ಇಲ್ಲ, ನಾವೇ ಸೇರಿಸಬೇಕು. ಹೊಸಬರ ಲೆಕ್ಕ ಸರಿಯಾಗಿ ಅರ್ಧಕ್ಕೆ ಇಳಿದಿದ್ದರೆ ಮೊದಲು ನೋಡಬೇಕಾದದ್ದು ಇಲ್ಲೇ.

ಇಲ್ಲಿ ಒಂದೇ ಉದಾಹರಣೆ ಹಿಡಿದು ಹೋಗೋಣ. ಪುಣೆಯ ಎನ್‌ಸಿಸಿಎಸ್ ಕೋಶ ಭಂಡಾರದಿಂದ ಎಷ್ಟೋ ಲ್ಯಾಬ್‌ಗಳು ತರಿಸಿಕೊಳ್ಳುವ ಹೀಲಾ ಕೋಶಗಳು. ಒಂದು ಟಿ-25 ಫ್ಲಾಸ್ಕ್ ತುಂಬ ಬೆಳೆದಿವೆ. ಅವನ್ನು ಎಬ್ಬಿಸಿ, ಎಣಿಸಿ, 96 ಗುಳಿಯ ಪ್ಲೇಟ್‌ನಲ್ಲಿ ಗುಳಿಗೆ 5,000 ಬದುಕಿರುವ ಕೋಶ ಹಾಕಬೇಕು.

ಮೊದಲು ಗೆರೆಗಳನ್ನು ಓದಿ

ಚೇಂಬರ್‌ನ ಬದಿಯಲ್ಲಿ ಏನು ಕೆತ್ತಿದೆ ನೋಡಿ. ನಮಗೆ ಬೇಕಾದದ್ದು ಸುಧಾರಿತ ನ್ಯೂಬಾರ್, ಆಳ 0.1 ಮಿಲಿಮೀಟರ್. ಬೀರುವಿನಲ್ಲಿ ಫುಕ್ಸ್-ರೋಸೆಂಥಾಲ್ ಚೇಂಬರ್ ಕೂಡ ಇರಬಹುದು. ಅದರ ಆಳ 0.2 ಮಿಲಿಮೀಟರ್, ಇದರ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

10 ಪಟ್ಟಿನ ಲೆನ್ಸ್ ಹಾಕಿ, ಕಂಡೆನ್ಸರ್‌ನ ಡಯಾಫ್ರಮ್ ಸ್ವಲ್ಪ ಮುಚ್ಚಿ. ಬೆಳಕು ಜಾಸ್ತಿ ಇದ್ದರೆ ಗೆರೆಗಳೇ ಕಾಣುವುದಿಲ್ಲ. ಕಾಣುವುದು ಮೂರಕ್ಕೆ ಮೂರರಂತೆ ಒಂಬತ್ತು ದೊಡ್ಡ ಚೌಕ. ಪ್ರತಿಯೊಂದರ ಬದಿ 1 ಮಿಲಿಮೀಟರ್. ನಾಲ್ಕು ಮೂಲೆಯ ಚೌಕಗಳಲ್ಲಿ 16 ಮನೆಗಳಿವೆ. ನಡುವಿನ ಚೌಕದಲ್ಲಿ 25 ಮನೆ, ಅದರ ಒಂದೊಂದರಲ್ಲೂ ಮತ್ತೆ 16 ಪುಟ್ಟ ಮನೆ.

ಒಂದು ದೊಡ್ಡ ಚೌಕದ ಮೇಲೆ ನಿಲ್ಲುವ ದ್ರವ ಎಷ್ಟು? 1 ಗುಣಿಸು 1 ಗುಣಿಸು 0.1, ಅಂದರೆ 0.1 ಘನ ಮಿಲಿಮೀಟರ್. ಒಂದು ಎಂಎಲ್‌ನಲ್ಲಿ ಇಂಥವು ಹತ್ತು ಸಾವಿರ ಹಿಡಿಯುತ್ತವೆ. ಕಲ್ಚರ್‌ನ 10,000 ಇಷ್ಟೇ.

ಕವರ್ ಸ್ಲಿಪ್‌ನಲ್ಲೇ ಅರ್ಧ ಕೆಲಸ

ಆ 0.1 ಮಿಲಿಮೀಟರ್ ಆಳ ಇರುವುದು ಕವರ್ ಸ್ಲಿಪ್ ಸರಿಯಾಗಿ ಕೂತಾಗ ಮಾತ್ರ. ಚೇಂಬರ್ ಜೊತೆ ಬರುವ ಸ್ಲಿಪ್ ದಪ್ಪಗಿರುತ್ತದೆ, ಸುಮಾರು 0.4 ಮಿಲಿಮೀಟರ್. ಅದು ಒಡೆದುಹೋದಾಗ ಸ್ಲೈಡ್‌ಗೆ ಹಾಕುವ ಮಾಮೂಲಿ ಸ್ಲಿಪ್ ತೆಗೆದು ಇಡುವುದು ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯುತ್ತದೆ. ಆ ತೆಳು ಗಾಜು ದ್ರವದ ಎಳೆತಕ್ಕೆ ಒಳಕ್ಕೆ ಬಾಗುತ್ತದೆ. ಆಗ ಆಳ ಕಡಿಮೆಯಾಗುತ್ತದೆ, ಎಣಿಕೆಯೂ ಕಡಿಮೆ ಬರುತ್ತದೆ. ಕಣ್ಣಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ದಪ್ಪ ಸ್ಲಿಪ್ ಇಲ್ಲದಿದ್ದರೆ ಆ ದಿನ ಎಣಿಸದಿರುವುದೇ ವಾಸಿ.

ಚೇಂಬರ್, ಸ್ಲಿಪ್ ಎರಡನ್ನೂ 70% ಎಥನಾಲ್‌ನಲ್ಲಿ ಒರೆಸಿ ಒಣಗಿಸಿ. ಎರಡು ಬದಿಯ ಎತ್ತರದ ದಂಡೆಗಳನ್ನು ತುಸುವೇ ತೇವ ಮಾಡಿ, ಬಾಯಿಯ ಆವಿ ಬಿಟ್ಟರೂ ಸಾಕು. ಸ್ಲಿಪ್ಪನ್ನು ದಂಡೆಗಳ ಮೇಲೆ ಇಟ್ಟು ಎರಡು ಹೆಬ್ಬೆರಳಿಂದ ಮೆಲ್ಲಗೆ ಒತ್ತುತ್ತಾ ಜಾರಿಸಿ. ನಡುವೆ ಒತ್ತಬೇಡಿ, ದಂಡೆಯ ಮೇಲೆ ಮಾತ್ರ. ಈಗ ಚೇಂಬರನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗಾಜು ಗಾಜಿಗೆ ಅಂಟಿದ ಕಡೆ ಬಣ್ಣ ಬಣ್ಣದ ಪಟ್ಟೆಗಳು ಕಾಣಬೇಕು. ಇವೇ ನ್ಯೂಟನ್ ಉಂಗುರಗಳು. ಎರಡೂ ದಂಡೆಯಲ್ಲಿ ಕಂಡರೆ ಸ್ಲಿಪ್ ಕೂತಿದೆ. ಕಾಣದಿದ್ದರೆ ಕೆಳಗೆ ಧೂಳೋ ಹತ್ತಿಯ ಎಳೆಯೋ ಸಿಕ್ಕಿಕೊಂಡಿದೆ, ತೆಗೆದು ಮತ್ತೆ ಒರೆಸಿ. ಒಂದು ಎಳೆ 0.01 ಮಿಲಿಮೀಟರ್ ಎತ್ತಿದರೂ ನಿಮ್ಮ ಎಣಿಕೆ 10% ಜಾಸ್ತಿಯಾಯಿತು.

ಕೋಶ ಬಿಡಿಸಿ, ಬಣ್ಣ ಬೆರೆಸಿ

ಫ್ಲಾಸ್ಕ್‌ನ ಮೀಡಿಯಾ ತೆಗೆದು, ಪಿಬಿಎಸ್‌ನಲ್ಲಿ ತೊಳೆದು, 1 ಎಂಎಲ್ ಟ್ರಿಪ್ಸಿನ್ ಹಾಕಿ. ಮೂರು ನಿಮಿಷದ ಆಸುಪಾಸಿನಲ್ಲಿ ಕೋಶಗಳು ದುಂಡಗಾಗಿ ಎದ್ದುಬರುತ್ತವೆ. ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ಇರಿ, ಗಡಿಯಾರ ನೋಡಿ ಕೂರಬೇಡಿ. ಸೀರಮ್ ಇರುವ ಮೀಡಿಯಾ ಹಾಕಿ ಟ್ರಿಪ್ಸಿನ್ ನಿಲ್ಲಿಸಿ, ನಿಧಾನದ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಕೆಳಗೆ ಕೂತ ಕೋಶಗಳನ್ನು 4 ಎಂಎಲ್ ಹೊಸ ಮೀಡಿಯಾದಲ್ಲಿ ಬಿಡಿಸಿ.

ಈ ಬಿಡಿಸುವ ಕೆಲಸದಲ್ಲಿ ಅವಸರ ಬೇಡ. 1 ಎಂಎಲ್ ಪಿಪೆಟ್‌ನಲ್ಲಿ ಹತ್ತು ಹದಿನೈದು ಸಲ ನೊರೆ ಬರದ ಹಾಗೆ ಮೇಲೆ ಕೆಳಗೆ ಎಳೆಯಿರಿ. ಚೇಂಬರ್‌ನಲ್ಲಿ ಕೋಶಗಳು ದ್ರಾಕ್ಷಿ ಗೊಂಚಲಿನ ಹಾಗೆ ಕಂಡರೆ ಎಣಿಸುವುದನ್ನು ನಿಲ್ಲಿಸಿ, ಟ್ಯೂಬ್‌ಗೆ ವಾಪಸ್ ಹೋಗಿ ಇನ್ನೂ ಬಿಡಿಸಿ. ಗೊಂಚಲಿನಲ್ಲಿ ಏಳೋ ಎಂಟೋ ಅಂತ ಅಂದಾಜು ಹಾಕುವ ಎಣಿಕೆಗೆ ಅರ್ಥ ಇಲ್ಲ. ಹಾಗಂತ ಬಿರುಸಾಗಿ ಎಳೆದರೆ ಕೋಶ ಒಡೆಯುತ್ತದೆ. ಒಡೆದ ಕೋಶದಿಂದ ಹೊರಬಂದ ಡಿಎನ್‌ಎ ಅಂಟಿನಂತಾಗಿ ಉಳಿದವನ್ನೂ ಗಂಟು ಹಾಕುತ್ತದೆ.

ಇನ್ನೊಂದು ಮಾತು. ಕೋಶಗಳು ಟ್ಯೂಬ್‌ನಲ್ಲಿ ಸುಮ್ಮನೆ ನಿಲ್ಲುವುದಿಲ್ಲ, ಕೆಲವೇ ನಿಮಿಷದಲ್ಲಿ ತಳಕ್ಕೆ ಇಳಿಯುತ್ತವೆ. ಬೆರೆಸಿಟ್ಟು, ಬಣ್ಣದ ಬಾಟಲಿ ಹುಡುಕಿ ತಂದು, ಟ್ಯೂಬ್‌ನ ಮೇಲ್ಭಾಗದಿಂದ ಮಾದರಿ ತೆಗೆದರೆ ಎಣಿಕೆ ಕಡಿಮೆ ಬರುವುದು ಖಂಡಿತ. ಮಾದರಿ ತೆಗೆಯುವ ಆ ಗಳಿಗೆಯಲ್ಲೇ ಮತ್ತೊಮ್ಮೆ ಬೆರೆಸಿ, ಟ್ಯೂಬ್‌ನ ನಡುವಿನಿಂದ ತೆಗೆಯಿರಿ.

ಈಗ 20 ಮೈಕ್ರೋಲೀಟರ್ ಕೋಶ, 20 ಮೈಕ್ರೋಲೀಟರ್ 0.4% ಟ್ರಿಪಾನ್ ಬ್ಲೂ ಸೇರಿಸಿ. ಗ್ಲೌಸ್ ಹಾಕಿಕೊಂಡೇ ಮಾಡಿ, ಇದು ಕ್ಯಾನ್ಸರ್ ತರಬಹುದಾದ ರಾಸಾಯನಿಕಗಳ ಸಾಲಿನಲ್ಲಿದೆ. ಉಳಿದದ್ದನ್ನು ಸಿಂಕ್‌ಗೆ ಸುರಿಯಬೇಡಿ. ಬಾಟಲಿ ಹಳೆಯದಾದರೆ ತಳದಲ್ಲಿ ನೀಲಿ ಹರಳು ಕೂರುತ್ತದೆ, ಚೇಂಬರ್‌ನಲ್ಲಿ ಅವು ಸತ್ತ ಕೋಶದ ಹಾಗೆ ಕಾಣಿಸಿ ಮೋಸ ಮಾಡುತ್ತವೆ. ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ ಬಳಸಿ.

ಬೆರೆಸಿದ ಕೂಡಲೇ ಸಮಯ ನೋಡಿಕೊಳ್ಳಿ. ಮೂರರಿಂದ ಐದು ನಿಮಿಷದೊಳಗೆ ಎಣಿಕೆ ಶುರುವಾಗಿರಬೇಕು. ಟ್ರಿಪಾನ್ ಬ್ಲೂ ಬದುಕಿರುವ ಕೋಶಕ್ಕೂ ವಿಷವೇ. ಜಾಸ್ತಿ ಹೊತ್ತು ಬಿಟ್ಟರೆ ಚೆನ್ನಾಗಿದ್ದ ಕೋಶಗಳೂ ನೀಲಿಯಾಗುತ್ತಾ ಹೋಗುತ್ತವೆ. ಹತ್ತು ಮಾದರಿಗೆ ಒಟ್ಟಿಗೆ ಬಣ್ಣ ಹಾಕಿಟ್ಟು ಒಂದೊಂದಾಗಿ ಎಣಿಸಿದರೆ ಹತ್ತನೆಯದು ಯಾವತ್ತೂ ಕೆಟ್ಟದಾಗಿ ಕಾಣುತ್ತದೆ. ಒಂದು ಬೆರೆಸಿ, ಎಣಿಸಿ, ಆಮೇಲೆ ಮುಂದಿನದು.

ತುಂಬಿಸುವುದು

ಬೆರೆಸಿದ್ದರಲ್ಲಿ 10 ಮೈಕ್ರೋಲೀಟರ್ ತೆಗೆದು, ಪಿಪೆಟ್ ತುದಿಯನ್ನು ಸ್ಲಿಪ್‌ನ ಅಂಚಿನ ಹಳ್ಳಕ್ಕೆ ತಾಗಿಸಿ ಮೆಲ್ಲಗೆ ಬಿಡಿ. ದ್ರವ ತಾನಾಗಿ ಒಳಗೆ ಹರಿಯುತ್ತದೆ. ಬೆಳ್ಳಿ ಬಣ್ಣದ ವೇದಿಕೆ ಪೂರ್ತಿ ಮುಚ್ಚಿದ ಕೂಡಲೇ ನಿಲ್ಲಿಸಿ, ತುದಿಯಲ್ಲಿ ಉಳಿದದ್ದು ಉಳಿಯಲಿ. ಜಾಸ್ತಿಯಾಗಿ ಪಕ್ಕದ ಕಾಲುವೆಗೆ ಇಳಿದರೆ ಒಂದೋ ಸ್ಲಿಪ್ ಮೇಲೇಳುತ್ತದೆ, ಇಲ್ಲವೋ ಹರಿವಿನ ಜೊತೆ ಕೋಶಗಳು ಒಂದು ಕಡೆ ಸೇರುತ್ತವೆ. ಕಡಿಮೆಯಾದರೆ ಗಾಳಿಯ ಗುಳ್ಳೆ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ಒರೆಸಿ ಹೊಸದಾಗಿ ತುಂಬಿಸಿ. ಕಾಗದದ ತುದಿಯಿಂದ ಹೀರಿ ಸರಿ ಮಾಡುವ ಉಪಾಯ ಬೇಡ, ಹೀರುವಾಗ ಕೋಶವೂ ಹೋಗುತ್ತದೆ.

ಚೇಂಬರ್‌ನ ಇನ್ನೊಂದು ಬದಿಯನ್ನು ಮತ್ತೆ ಬೆರೆಸಿ, ಹೊಸದಾಗಿ 10 ಮೈಕ್ರೋಲೀಟರ್ ತೆಗೆದು ತುಂಬಿಸಿ. ಒಂದು ನಿಮಿಷ ಅಲುಗಿಸದೆ ಬಿಡಿ, ಕೋಶಗಳೆಲ್ಲ ಗೆರೆಯ ಮಟ್ಟಕ್ಕೆ ಇಳಿದು ಒಂದೇ ಫೋಕಸ್‌ನಲ್ಲಿ ಸಿಗುತ್ತವೆ.

ಯಾವ ಚೌಕ, ಯಾವ ಗೆರೆ

ಹೀಲಾದಂಥ ಕೋಶಕ್ಕೆ ನಾಲ್ಕು ಮೂಲೆಯ ದೊಡ್ಡ ಚೌಕಗಳು ಸಾಕು. ಅವು ಒಂದಕ್ಕೊಂದು ದೂರ ಇರುವುದರಿಂದ ಕೋಶ ಒಂದು ಕಡೆ ಸೇರಿದ್ದರೆ ಅದೂ ತಿಳಿಯುತ್ತದೆ. ಯಾವ ಚೌಕ ಎಣಿಸುತ್ತೀರಿ ಅನ್ನುವುದನ್ನು ಕಣ್ಣಿಡುವ ಮೊದಲೇ ತೀರ್ಮಾನಿಸಿ. ನೋಡಿ ಆರಿಸಲು ಹೋದರೆ ಕೈ ತಾನಾಗಿ ಚೆನ್ನಾಗಿ ಹರಡಿದ ಚೌಕದ ಕಡೆ ಹೋಗುತ್ತದೆ, ಅಲ್ವಾ?

ಒಂದು ದೊಡ್ಡ ಚೌಕದಲ್ಲಿ 20ರಿಂದ 50 ಕೋಶ ಇದ್ದರೆ ಹಿತ. ಹತ್ತಕ್ಕಿಂತ ಕಡಿಮೆ ಇದ್ದರೆ ಒಂಬತ್ತೂ ಚೌಕ ಎಣಿಸಿ, ಇಲ್ಲವೇ ಕೋಶಗಳನ್ನು ಕಡಿಮೆ ಮೀಡಿಯಾದಲ್ಲಿ ಮತ್ತೆ ಬಿಡಿಸಿ. ನೂರರ ಹತ್ತಿರ ಹೋದರೆ ಒಂದರ ಮೇಲೊಂದು ಕೂರುತ್ತವೆ, ಕಣ್ಣು ತಪ್ಪುತ್ತದೆ. ಆಗ ಒಂದೇ ಚೌಕ ಎಣಿಸಿ ಮುಗಿಸುವ ಬದಲು ಇನ್ನಷ್ಟು ತೆಳು ಮಾಡಿ. ನಡುವಿನ 25 ಮನೆಗಳ ಚೌಕ ಯೀಸ್ಟ್, ರಕ್ತದ ಕೆಂಪು ಕಣದಂಥ ಚಿಕ್ಕದಕ್ಕೆ, ದಟ್ಟವಾದದ್ದಕ್ಕೆ. ಅಲ್ಲಿ ನಾಲ್ಕು ಮೂಲೆ ಮತ್ತು ನಡುವೆ, ಹೀಗೆ ಐದು ಮನೆ ಎಣಿಸಿದರೆ ಆ ಐದರ ಮೊತ್ತವನ್ನು 50,000ದಿಂದ ಗುಣಿಸಿದಾಗ ಎಂಎಲ್‌ಗೆ ಬರುತ್ತದೆ. ಇದರಲ್ಲೂ ಡೈಲ್ಯೂಷನ್ ಸೇರಿಲ್ಲ.

ಗೆರೆ ಮೇಲೆ ಕೂತ ಕೋಶಗಳದ್ದೇ ತಕರಾರು. ನಿಯಮ ಸರಳ: ಮೇಲಿನ ಗೆರೆ, ಎಡಗಡೆಯ ಗೆರೆ ತಾಗಿದ್ದನ್ನು ಎಣಿಸಿ. ಕೆಳಗಿನದು, ಬಲಗಡೆಯದು ತಾಗಿದ್ದನ್ನು ಬಿಡಿ. ಎಲ್ಲವನ್ನೂ ಎಣಿಸಿದರೆ ಚೌಕವನ್ನೇ ದೊಡ್ಡದು ಮಾಡಿದಂತೆ. ಬೇರೆ ಎರಡು ಗೆರೆ ಆರಿಸಿಕೊಂಡರೂ ಅಡ್ಡಿಯಿಲ್ಲ, ಆದರೆ ಲ್ಯಾಬ್‌ನಲ್ಲಿ ಎಲ್ಲರೂ ಒಂದೇ ಜೋಡಿ ಹಿಡಿಯಬೇಕು. ಚೌಕದ ಅಂಚು ಮೂರು ಗೆರೆ ಒತ್ತೊತ್ತಾಗಿ ಇರುವ ಕಡೆ ನಡುವಿನ ಗೆರೆಯೇ ಗಡಿ. ಚೌಕದೊಳಗೆ ಮೊದಲ ಸಾಲು ಎಡದಿಂದ ಬಲಕ್ಕೆ, ಎರಡನೆಯದು ಬಲದಿಂದ ಎಡಕ್ಕೆ ಹೋಗಿ. ಸಾಲು ಬಿಟ್ಟುಹೋಗುವುದಿಲ್ಲ.

ನೀಲಿ ಯಾವುದು

ಒಂದು ಕೈಯಲ್ಲಿ ಬದುಕಿದವಕ್ಕೆ, ಇನ್ನೊಂದರಲ್ಲಿ ಸತ್ತವಕ್ಕೆ ಕೌಂಟರ್ ಒತ್ತುತ್ತಾ ಹೋಗಿ. ಎರಡನ್ನೂ ಒಂದೇ ಸುತ್ತಿನಲ್ಲಿ ಎಣಿಸಬೇಕು.

ಬದುಕಿರುವ ಕೋಶದ ಹೊರಪೊರೆ ಗಟ್ಟಿಯಾಗಿರುತ್ತದೆ, ಬಣ್ಣ ಒಳಗೆ ಬರಲು ಬಿಡುವುದಿಲ್ಲ. ಅದು ದುಂಡಗೆ, ಹೊಳೆಯುತ್ತಾ, ಒಳಗೆ ತಿಳಿಯಾಗಿ ಕಾಣುತ್ತದೆ. ಪೊರೆ ಹರಿದ ಕೋಶ ಪೂರ್ತಿ ನೀಲಿ, ಹೊಳಪಿಲ್ಲ, ಸಾಮಾನ್ಯವಾಗಿ ಉಬ್ಬಿ ಚಪ್ಪಟೆಯಾಗಿ ಹರಡಿದ ಹಾಗಿರುತ್ತದೆ. ನಡುವಿನ ತಿಳಿನೀಲಿಯವೇ ಕಷ್ಟ. ಮೊದಲು ಫೋಕಸ್ಸನ್ನು ಸೂಕ್ಷ್ಮವಾಗಿ ಮೇಲೆ ಕೆಳಗೆ ತಿರುಗಿಸಿ. ಹೊಳೆಯುವ ಕೋಶದ ಅಂಚು ಫೋಕಸ್ ತಪ್ಪಿದಾಗ ನೀಲಿಯಂತೆ ಕಾಣುತ್ತದೆ, ಸರಿಯಾದಾಗ ತಿಳಿಯಾಗುತ್ತದೆ. ಎಲ್ಲಿ ತಿರುಗಿಸಿದರೂ ಒಳಗೆಲ್ಲ ನೀಲಿ ಉಳಿದರೆ ಅದು ಸತ್ತದ್ದು, ಎಷ್ಟೇ ತೆಳುವಾಗಿರಲಿ. ಕೋಶದ ಅಳತೆಯ ಅರ್ಧವೂ ಇಲ್ಲದ ನೀಲಿ ಚೂರುಗಳನ್ನು ಎಣಿಸಬೇಡಿ, ಅವು ಒಡೆದ ಕೋಶದ ತುಂಡು.

ಹಿನ್ನೆಲೆಯೆಲ್ಲ ಗಾಢ ನೀಲಿಯಾಗಿದ್ದು ಸತ್ತ ಕೋಶಗಳೇ ಮಂಕಾಗಿ ಕಂಡರೆ ಸೀರಮ್ ಮೇಲೆ ಅನುಮಾನ ಪಡಿ. ಸೀರಮ್‌ನ ಪ್ರೋಟೀನ್‌ಗಳು ಟ್ರಿಪಾನ್ ಬ್ಲೂವನ್ನು ಹಿಡಿದುಕೊಳ್ಳುತ್ತವೆ. ಸ್ವಲ್ಪ ಕೋಶವನ್ನು ಪಿಬಿಎಸ್‌ನಲ್ಲಿ ತೊಳೆದು, ಅದರಲ್ಲೇ ಬಿಡಿಸಿ ಮತ್ತೆ ನೋಡಿ. ಆದರೆ ತೊಳೆಯುವಾಗ ಕೋಶ ಕಳೆದುಹೋಗುತ್ತದೆ. ಹಾಗಾಗಿ ಈ ಎಣಿಕೆಯಿಂದ ಶೇಕಡಾವಾರು ಮಾತ್ರ ತೆಗೆದುಕೊಳ್ಳಿ.

ಲೆಕ್ಕ

ನಮ್ಮ ಉದಾಹರಣೆಯಲ್ಲಿ ಒಂದನೇ ಬದಿಯ ನಾಲ್ಕು ಚೌಕದಲ್ಲಿ ಬದುಕಿದವು 31, 27, 34, 28. ಸತ್ತವು 3, 2, 4, 3. ಎರಡನೇ ಬದಿಯಲ್ಲಿ ಬದುಕಿದವು 29, 33, 26, 30. ಸತ್ತವು 4, 2, 3, 3. ಒಟ್ಟು ಎಂಟು ಚೌಕದಲ್ಲಿ ಬದುಕಿದವು 238, ಸತ್ತವು 24.

ಡೈಲ್ಯೂಷನ್ ಫ್ಯಾಕ್ಟರ್ ಅಂದರೆ ಬೆರೆಸಿದ ಮೇಲಿನ ಒಟ್ಟು ಪ್ರಮಾಣವನ್ನು ಹಾಕಿದ ಕೋಶದ್ರವದಿಂದ ಭಾಗಿಸಿದ್ದು. ಇಲ್ಲಿ 40 ಭಾಗಿಸು 20, ಅಂದರೆ 2.

```
ಬದುಕಿದ ಕೋಶ / ಎಂಎಲ್ = (238 ÷ 8) × 2 × 10,000 = 5,95,000
ಬದುಕಿದ ಶೇಕಡಾ = 238 ÷ (238 + 24) × 100 = 90.8
```

ಶೇಕಡಾ ಲೆಕ್ಕಕ್ಕೆ ಡೈಲ್ಯೂಷನ್ ಬೇಡ, ಮೇಲೂ ಕೆಳಗೂ ಅದೇ ಇರುವುದರಿಂದ ಹೊಡೆದುಹೋಗುತ್ತದೆ. ಹಾಗೆಯೇ 5,95,000 ಅನ್ನುವುದು ಆಗಲೇ ಬದುಕಿದವುಗಳ ಸಂಖ್ಯೆ. ಅದನ್ನು ಮತ್ತೆ 90.8%ರಿಂದ ಗುಣಿಸಿದರೆ ಸತ್ತವನ್ನು ಎರಡು ಸಲ ಕಳೆದಂತಾಗುತ್ತದೆ.

ಕೋಶ ತುಂಬಾ ದಟ್ಟ ಇದ್ದು, ಮೊದಲು 20 ಮೈಕ್ರೋಲೀಟರ್‌ಗೆ 80 ಮೀಡಿಯಾ ಸೇರಿಸಿ, ಅದರಿಂದ 20 ತೆಗೆದು 20 ಬಣ್ಣ ಸೇರಿಸಿದ್ದರೆ? ಮೊದಲನೆಯದು 5 ಪಟ್ಟು, ಎರಡನೆಯದು 2 ಪಟ್ಟು, ಒಟ್ಟು 10. ಗುಣಿಸಬೇಕು, ಕೂಡಬಾರದು. ನೋಟ್‌ಬುಕ್‌ನಲ್ಲಿ ಸುಮ್ನೆ 1:10 ಅಂತ ಬರೆಯಬೇಡಿ. ಒಂದಕ್ಕೆ ಒಂಬತ್ತು ಸೇರಿಸಿದ್ದೋ ಹತ್ತು ಸೇರಿಸಿದ್ದೋ ಆರು ತಿಂಗಳ ನಂತರ ನಿಮಗೇ ತಿಳಿಯುವುದಿಲ್ಲ. 20 + 80 ಅಂತ ಬರೆಯಿರಿ.

ಈಗ ಪ್ಲೇಟ್. ಗುಳಿಗೆ 100 ಮೈಕ್ರೋಲೀಟರ್‌ನಲ್ಲಿ 5,000 ಬೇಕು, ಅಂದರೆ ಎಂಎಲ್‌ಗೆ 50,000. 96 ಗುಳಿಗೆ 9.6 ಎಂಎಲ್ ಆಗುತ್ತದೆ, ಪಿಪೆಟ್‌ನಲ್ಲಿ ಉಳಿಯುವುದಕ್ಕೂ ಸೇರಿ 11 ಎಂಎಲ್ ಮಾಡೋಣ. ಬೇಕಾದ ಕೋಶ 5,50,000. ಅದನ್ನು 5,95,000ದಿಂದ ಭಾಗಿಸಿದರೆ 0.92 ಎಂಎಲ್. ಅಷ್ಟು ಕೋಶದ್ರವಕ್ಕೆ 10.08 ಎಂಎಲ್ ಮೀಡಿಯಾ. ಇಲ್ಲಿ ಡೈಲ್ಯೂಷನ್ ಫ್ಯಾಕ್ಟರ್ ಮತ್ತೆ ಬರುವುದಿಲ್ಲ. ಟ್ಯೂಬ್‌ನಲ್ಲಿ ಉಳಿದಿರುವುದು ಬಣ್ಣ ಸೇರದ ಮೂಲ ದ್ರವವೇ.

ಈ ಸಂಖ್ಯೆಯನ್ನು ಎಷ್ಟು ನಂಬಬಹುದು

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೋಶಗಳು ಚೌಕಕ್ಕೆ ಬೀಳುವುದು ಆಕಸ್ಮಿಕವಾಗಿ. ಎಣಿಸಿದ್ದರ ವರ್ಗಮೂಲದಷ್ಟು ಏರುಪೇರು ಇದ್ದೇ ಇರುತ್ತದೆ. 238ರ ವರ್ಗಮೂಲ ಸುಮಾರು 15, ಅಂದರೆ 6.5%. 100 ಎಣಿಸಿದ್ದರೆ 10% ಆಗುತ್ತಿತ್ತು. 400 ಎಣಿಸಿದರೆ 5%ಕ್ಕೆ ಇಳಿಯುತ್ತದೆ. ಆದ್ದರಿಂದ 200 ದಾಟಿದ ಮೇಲೆ ಇನ್ನಷ್ಟು ಚೌಕ ಎಣಿಸುವುದಕ್ಕಿಂತ, ಟ್ಯೂಬ್‌ನಿಂದ ಹೊಸದಾಗಿ ಮಾದರಿ ತೆಗೆದು, ಬಣ್ಣ ಬೆರೆಸಿ ಇನ್ನೊಮ್ಮೆ ಎಣಿಸುವುದು ಲಾಭ. ಪಿಪೆಟ್ ಮಾಡಿದ ತಪ್ಪು ಅದರಲ್ಲಿ ಮಾತ್ರ ಬಯಲಾಗುತ್ತದೆ.

ಎರಡು ಬದಿ ಹೊಂದುತ್ತವೆಯೋ ನೋಡಲು ಒಂದು ಸುಲಭ ದಾರಿ ಇದೆ. ಎರಡರ ಮೊತ್ತದ ವರ್ಗಮೂಲದ ಎರಡು ಪಟ್ಟು ತೆಗೆಯಿರಿ. ನಮ್ಮದು 120 ಮತ್ತು 118, ವ್ಯತ್ಯಾಸ 2, ಮಿತಿ 31. ಚೆನ್ನಾಗಿದೆ. 120 ಮತ್ತು 160 ಬಂದಿದ್ದರೆ ವ್ಯತ್ಯಾಸ 40, ಮಿತಿ 33. ಆಗ ಸರಾಸರಿ ತೆಗೆದು ಮುಂದೆ ಹೋಗಬಾರದು. ಒಂದು ಬದಿ ತುಂಬಿದ್ದು ಸರಿಯಿಲ್ಲ ಅಥವಾ ಎರಡರ ನಡುವೆ ಬೆರೆಸಿಲ್ಲ, ತೊಳೆದು ಮತ್ತೆ ಮಾಡಿ.

ಶೇಕಡಾ 90.8 ಅನ್ನುವುದಕ್ಕೂ ಒಂದು ಮಿತಿ ಇದೆ. ಟ್ರಿಪಾನ್ ಬ್ಲೂ ಹೇಳುವುದು ಪೊರೆ ಹರಿದಿದೆಯೋ ಇಲ್ಲವೋ ಅಷ್ಟೇ. ಸಾಯಲು ಶುರುಮಾಡಿದ ಕೋಶದ ಪೊರೆ ಎಷ್ಟೋ ಹೊತ್ತು ಗಟ್ಟಿಯಾಗೇ ಇರುತ್ತದೆ. ಎಣಿಸುವಾಗ ಅದು ಬದುಕಿದವರ ಕಡೆ. ಇನ್ನು ಪೂರ್ತಿ ಕರಗಿಹೋದ ಕೋಶ ಎರಡು ಕಡೆಯೂ ಇಲ್ಲ. ಔಷಧ ಹಾಕಿದ ಫ್ಲಾಸ್ಕ್‌ನಲ್ಲಿ ಶೇಕಡಾ 90 ಇದ್ದು ಒಟ್ಟು ಕೋಶ ಔಷಧ ಹಾಕದ್ದರ ಅರ್ಧ ಇದ್ದರೆ ಎಲ್ಲ ಚೆನ್ನಾಗಿದೆ ಅನ್ನಲಾಗದು. ಒಂದೋ ಬೆಳವಣಿಗೆ ನಿಂತಿದೆ, ಇಲ್ಲವೋ ಸತ್ತವು ಕರಗಿವೆ. ಅದಕ್ಕೇ ಶೇಕಡಾ ಜೊತೆ ಎಂಎಲ್‌ಗೆ ಎಷ್ಟು ಅನ್ನುವುದನ್ನೂ ಬರೆಯಬೇಕು. ತೇಲಾಡುವ ಕೋಶಗಳಿರುವ ಹಳೆಯ ಮೀಡಿಯಾವನ್ನು ಚೆಲ್ಲಿ ಉಳಿದದ್ದನ್ನು ಮಾತ್ರ ಎಣಿಸಿದ್ದರೆ, ಸತ್ತವನ್ನು ಎಣಿಸುವ ಮೊದಲೇ ಚೆಲ್ಲಿದ್ದೀರಿ ಅನ್ನುವುದೂ ನೆನಪಿರಲಿ.

ದ್ರವ ಸಾರಜನಕದಿಂದ ತೆಗೆದು ಕರಗಿಸಿದ ಕೋಶಗಳಲ್ಲಿ ಈ ತೊಂದರೆ ಜಾಸ್ತಿ. ಕರಗಿಸಿದ ಕೂಡಲೇ ಎಣಿಸಿದರೆ ಹೆಚ್ಚಿನವು ತಿಳಿಯಾಗಿ, ಬದುಕಿದಂತೆ ಕಾಣುತ್ತವೆ. ಹೆಪ್ಪುಗಟ್ಟಿದ್ದರ ಪೆಟ್ಟು ಹೊರಬರಲು ಹಲವು ಗಂಟೆ ಬೇಕು. ಹಾಗಾಗಿ ಅವನ್ನು ಆ ದಿನದ ಎಣಿಕೆ ನಂಬಿ ಪ್ರಯೋಗಕ್ಕೆ ಹಾಕದೆ, ಫ್ಲಾಸ್ಕ್‌ನಲ್ಲಿ ಬಿಟ್ಟು, ಮಾರನೇ ದಿನ ಅಂಟಿದವು, ತೇಲಿದವು ಎರಡನ್ನೂ ಸೇರಿಸಿ ಮತ್ತೊಮ್ಮೆ ಎಣಿಸಿ.